ಜವಾಬ್ದಾರರ ಕಾಲಂನಲ್ಲಿ ಯಜಮಾನರು

ನನ್ನ ಗೆಳೆಯ ತೀರಿಕೊಂಡು ಇಪ್ಪತ್ತು ದಿನವಾಯಿತು. ನೀರಿನ ಪಂಪು ತಯಾರಿಸುವ ನಮ್ಮ ಕಾರ್ಖಾನೆಯಲ್ಲಿ ಅವನು ಗುಣಮಟ್ಟ ವಿಭಾಗದ ಮುಖ್ಯಸ್ಥ. ಕೈಕೆಳಗೆ ಒಬ್ಬರೂ ಇಲ್ಲದ ಮುಖ್ಯಸ್ಥ. ನಾನು ಉಗ್ರಾಣದವನು.

ವರ್ಷಕ್ಕೊಮ್ಮೆ, ಗುಣಮಟ್ಟದ ಸರ್ಟಿಫಿಕೇಟಿಗಾಗಿ ತಪಾಸಣೆ ಮಾಡುವ ಆಡಿಟರ್ ಬರುವ ಮುಂಚೆ, ನಮ್ಮಲ್ಲಿ ಮ್ಯಾನೇಜ್‌ಮೆಂಟ್ ರಿವ್ಯೂ ಸಭೆ ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನುವುದು ಮರ್ಯಾದೆಯ ಮಾತು. ಹಳೆಯ ನಡವಳಿಯ ತಾರೀಖು ತಿದ್ದಿ ಎಲ್ಲರ ಸಹಿ ಹಾಕಿಸಿದರೆ ಸಭೆ ಮುಗಿಯಿತು. ಗ್ರಾಹಕರ ದೂರು: ತೃಪ್ತಿಕರ. ನಿರ್ಧಾರ: ಇನ್ನಷ್ಟು ಸುಧಾರಿಸುವುದು. ಜವಾಬ್ದಾರರು: ಎಲ್ಲರೂ.

ಹೋದ ವರ್ಷ ಅವನು ಸಭೆಯನ್ನು ನಿಜವಾಗಿಯೇ ಕರೆದ. ಪರೀಕ್ಷೆ ಮಾಡುವ ಮೇಜಿನ ಪ್ರೆಶರ್ ಗೇಜ್ ಸುಳ್ಳು ಹೇಳುತ್ತಿತ್ತು. ಒತ್ತಡ ಆರು ಇದ್ದರೆ ಎಂಟು ತೋರಿಸುತ್ತಿತ್ತು. ಸೋರುವ ಪಂಪುಗಳು ಪಾಸಾಗಿ ಊರೂರು ಸೇರುತ್ತಿದ್ದವು. ಹೊಸ ಗೇಜ್ ಬೇಕೆಂದು ಐದು ತಿಂಗಳಲ್ಲಿ ಅವನು ಬರೆದ ಮೂರು ಚೀಟಿಗಳೂ ಯಜಮಾನರ ಮೇಜಿನಿಂದ ವಾಪಸು ಬಂದಿದ್ದವು.

"ಏನಯ್ಯಾ, ನಿಜವಾಗ್ಲೂ ಕೂರ್ಬೇಕಾ?" ಅಂದರು ಯಜಮಾನರು.

"ಕೂತ್ಕೊಳ್ಳಿ ಸಾರ್, ಕಾಫಿ ಹೇಳಿದೀನಿ."

ಅವನು ಓದಿದ: ದೂರು ಇಪ್ಪತ್ಮೂರು, ಅದರಲ್ಲಿ ಸೋರಿಕೆ ಹತ್ತೊಂಬತ್ತು. ಅಳತೆ ಸರಿಯಿದೆಯೇ ಎಂದು ನೋಡುವ ಕ್ಯಾಲಿಬ್ರೇಷನ್‌ನಲ್ಲಿ ಗೇಜ್ ಫೇಲು. ಹಿಂದಿನ ಸಭೆಯ ನಿರ್ಧಾರ ಜಾರಿಯಾಗಿಲ್ಲ.

"ಅದನ್ನ ಎಲ್ಲರೂ ಮಾಡ್ಬೇಕಿತ್ತಲ್ವೇನಯ್ಯಾ?"

"ಅದಕ್ಕೇ ಸಾರ್, ಯಾರೂ ಮಾಡ್ಲಿಲ್ಲ."

ಹೊಸ ಗೇಜ್ ಕೊಳ್ಳುವುದು, ಹಳೆಯದು ಪಾಸು ಮಾಡಿದ ಪಂಪುಗಳನ್ನು ಮತ್ತೆ ನೋಡುವುದು ಎಂದು ತೀರ್ಮಾನವಾಯಿತು. ಯಾರ ಜವಾಬ್ದಾರಿ?

"ಎರಡೂ ನಿನ್ನದೇ ಅಂತ ಬರ್ಕೋ."

"ಮತ್ತೆ ನೋಡೋದು ನನ್ನದು ಸಾರ್. ಕೊಳ್ಳೋಕೆ ಸಹಿ ಮಾಡೋರು ನೀವು. ನಂಗೆ ಒಂದು ಪೆನ್ನು ತರೋ ಅಧಿಕಾರಾನೂ ಇಲ್ಲ."

ಯಜಮಾನರು ನಕ್ಕು ಫೋನಿಗೆ ಎದ್ದು ಹೋದರು. ಅವನು ಬರೆದ: ಗೇಜ್ ಖರೀದಿ, ಜವಾಬ್ದಾರರು ಯಜಮಾನರು, ಗಡುವು ಹದಿನೈದು ದಿನ. ಸಂಜೆ ನಡವಳಿ ಬಂದಾಗ ಅವರು ರೂಢಿಯಂತೆ ಓದದೇ ಸಹಿ ಹಾಕಿದರು.

ಗಡುವು ಕಳೆಯಿತು, ಗೇಜ್ ಬರಲಿಲ್ಲ. ಆಡಿಟರ್ ಬರುವ ಹಿಂದಿನ ದಿನ ಯಜಮಾನರು ನಡವಳಿಯನ್ನು ಮೊದಲ ಬಾರಿಗೆ ಓದಿದರು.

"ಇದನ್ನ 'ಎಲ್ಲರೂ' ಅಂತ ಮಾಡಿ ಇನ್ನೊಂದ್ಸಲ ಪ್ರಿಂಟ್ ತೆಗಿ."

"ಸಹಿ ಆಗೋಗಿದೆ ಸಾರ್. ತಿದ್ದೋ ಕೈ ನಂದಲ್ಲ."

"ಕೆಲಸ ಬೇಕೋ ಬೇಡ್ವೋ ನಿಂಗೆ?"

ಅವನು ಉಗ್ರಾಣಕ್ಕೆ ಬಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತ. ನಡೆದದ್ದನ್ನೆಲ್ಲ ಹೇಳಿದ. "ತಿದ್ದಿಬಿಡೋ ಮಾರಾಯ," ಅಂದೆ ನಾನು. ಹಾಗಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಅವನು ತಿದ್ದಲಿಲ್ಲ.

ಮರುದಿನ ಆಡಿಟರ್ ಆ ಸಾಲಿನ ಮೇಲೆ ಬೆರಳಿಟ್ಟರು. "ಖರೀದಿ ಆದೇಶ ತೋರಿಸಿ."

"ಇದನ್ನ ಬರೆದೋನು ಇವನು," ಅಂದರು ಯಜಮಾನರು.

"ಸಹಿ ತಮ್ಮದೇ ಅಲ್ವಾ?"

ಲೋಪವೆಂದು ದಾಖಲಾಯಿತು. ಆರು ತಿಂಗಳಲ್ಲಿ ಬಾರದ ಗೇಜ್ ಆರು ದಿನದಲ್ಲಿ ಬಂತು. ಅವನ ಕೆಲಸ ಉಳಿಯಿತು. ಆ ವರ್ಷದ ಸಂಬಳದ ಬಡ್ತಿ ಉಳಿಯಲಿಲ್ಲ. ಹೊಸ ಗೇಜ್ ಮೊದಲ ವಾರವೇ ನಲವತ್ತು ಪಂಪು ಫೇಲು ಮಾಡಿತು.

"ನೋಡಯ್ಯಾ," ಯಜಮಾನರು ಗುಡುಗಿದರು, "ನಿನ್ನ ಗೇಜ್ ಬಂದ್ಮೇಲೆ ಕ್ವಾಲಿಟಿ ಬಿದ್ದೋಯ್ತು!"

"ಬರ್ಕೋತೀನಿ ಸಾರ್," ಅಂದ ಅವನು. ಮುಂದಿನ ಸಭೆಗೆ ಮೊದಲ ವಿಷಯವಾಗಿ ಅದನ್ನೇ ಬರೆದಿಟ್ಟ. ಆ ಸಭೆ ನಾಡಿದ್ದಿದೆ. ಅವನಿಲ್ಲ.