ನಾಲ್ಕಿಂಚು, ಎಂಟು ತೂತು

ನಮ್ಮ ಕಡೆಯ ತೋಟಗಳಲ್ಲಿ ಪೈಪಿನ ಫ್ಲೇಂಜು ತರಲು ಪೇಟೆಗೆ ಹೋಗುವವರು ಎರಡೇ ಮಾತು ಹೇಳುತ್ತಾರೆ. ಪೈಪು ಎಷ್ಟು ಇಂಚು, ಬೋಲ್ಟಿನ ತೂತು ಎಷ್ಟು. ಅಷ್ಟು ಹೇಳಿದರೆ ಅಂಗಡಿಯವನು ಪೈಪು ಜೋಡಿಸುವ ಕಬ್ಬಿಣದ ಆ ದಪ್ಪ ಬಳೆಯನ್ನು ತೆಗೆದು ಮೇಜಿನ ಮೇಲಿಡುತ್ತಾನೆ. ನೂರಕ್ಕೆ ತೊಂಬತ್ತು ಸಲ ಅದು ಸರಿಯಾಗಿಯೇ ಕೂರುತ್ತದೆ. ಹಾಗೆ ಕೂರುತ್ತದೆ ಎಂಬುದೇ ತೊಂದರೆಯ ಮೂಲ ಎಂದು ನನಗೆ ಚೆನ್ನಾಗಿ ತಿಳಿದದ್ದು ಬಾಳೂರಿನ ಹತ್ತಿರದ ಒಂದು ತೋಟದಲ್ಲಿ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೂಡಿಗೆರೆಯಲ್ಲಿ ವೆಲ್ಡಿಂಗ್ ಶೆಡ್ ಹಾಕಿ ಕೂತಮೇಲೆ ಯಾರ ಹತ್ತಿರವೂ ಕೈಚಾಚಿಲ್ಲ. ನಾನು ಹಾಕಿದ ಬೆಸುಗೆ ಬಿಟ್ಟಿತು ಎಂದು ಯಾರೂ ವಾಪಸು ಬಂದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ತೋಟವನ್ನು ನಡೆಸುತ್ತಿದ್ದವರು ಒಬ್ಬ ಹೆಂಗಸು. ಅರವತ್ತು ದಾಟಿದ್ದರೂ ಗಮ್‌ಬೂಟು ಹಾಕಿಕೊಂಡು ಮೊದಲಿಗರಾಗಿ ತೋಟಕ್ಕೆ ಇಳಿಯುವವರು. ಎಲ್ಲರಿಗೂ ಅವರು ಅಮ್ಮ. ಮಾರ್ಚ್ ಶುರುವಾಗಿತ್ತು. ರೋಬಸ್ಟಾ ಗಿಡಗಳಲ್ಲಿ ಮೊಗ್ಗು ಬಲಿತು ನಿಂತಿತ್ತು. ಮಳೆ ಬರದಿದ್ದರೆ ಆ ಹೊತ್ತಿಗೆ ಜೆಟ್ ಹಾಕಿ ನೀರು ಹಾರಿಸಬೇಕು, ಇಲ್ಲದಿದ್ದರೆ ಮೊಗ್ಗು ಅರಳದೆ ಕಪ್ಪಾಗಿ ಉದುರುತ್ತದೆ. ಒಂದು ವರ್ಷದ ಬೆಳೆಯೇ ಆ ಮೊಗ್ಗಿನಲ್ಲಿರುತ್ತದೆ. ಅಮ್ಮ ಕೆಳಗಿನ ಪಟ್ಟಿಗೆ ನೀರು ಕೊಟ್ಟು ಮುಗಿಸಿದ್ದರು. ಗುಡ್ಡದ ನೆತ್ತಿಯ ಪಟ್ಟಿ ಬಾಕಿ ಇತ್ತು. ಅಷ್ಟರಲ್ಲಿ ಹಳ್ಳದ ಪಂಪ್‌ಹೌಸಿನಲ್ಲಿ ಪೈಪಿನ ಫ್ಲೇಂಜು ತುಕ್ಕು ಹಿಡಿದ ಜಾಗದಲ್ಲಿ ಸೀಳಿತು.

ನನ್ನನ್ನು ಕರೆದದ್ದು ಬೆಸುಗೆ ಹಾಕುವುದಕ್ಕೆ ಮಾತ್ರ. ಹೊಸ ಫ್ಲೇಂಜನ್ನು ಅವರ ಪಂಪಿನ ಮೇಸ್ತ್ರಿ ಆಗಲೇ ಚಿಕ್ಕಮಗಳೂರಿನಿಂದ ತಂದಿದ್ದ. ಬೋಲ್ಟೂ ತಂದಿದ್ದ. ನಾನು ಜೀಪಿನಿಂದ ಇಳಿದಾಗ ಅವನು ಸೀಳಿದ್ದನ್ನು ಕತ್ತರಿಸಿ ತೆಗೆದು, ಹೊಸದನ್ನು ವಾಲ್ವಿನ ಮುಖಕ್ಕೆ ಒತ್ತಿ ಹಿಡಿದು ಬೋಲ್ಟು ತೂರಿಸುತ್ತಿದ್ದ.

"ಒಂಚೂರು ಬಿಗಿ ಅಷ್ಟೇ," ಎಂದ. "ತೂತಿಗೆ ಅರ ಹಾಕಿ ರಾವಿದ್ರೆ ಎಂಟೂ ಕೂರ್ತವೆ."

ನಾನು ಬಗ್ಗಿ ನೋಡಿದೆ. ಮುಖಕ್ಕೆ ಮುಖ ಸರಿಯಾಗಿ ಕೂತಿತ್ತು. ಎರಡರಲ್ಲೂ ಎಂಟು ತೂತು. ಆದರೆ ವಾಲ್ವಿನ ಫ್ಲೇಂಜು ಹೊಸದಕ್ಕಿಂತ ಸುತ್ತಲೂ ಒಂದು ಬೆರಳಷ್ಟು ಹೊರಗೆ ಚಾಚಿತ್ತು, ದಪ್ಪವೂ ಹೆಚ್ಚಿತ್ತು. ಟೇಪು ತೆಗೆದು ವಾಲ್ವಿನ ಒಂದು ತೂತಿನ ಒಳಗಿನ ಅಂಚಿಗೆ ಹಿಡಿದು, ಎದುರಿನ ತೂತಿನ ಹೊರಗಿನ ಅಂಚಿನವರೆಗೆ ಎಳೆದೆ. ಹಾಗೆ ಅಳೆದರೆ ತೂತುಗಳ ನಡುಮಧ್ಯಗಳನ್ನು ಹಾಯುವ ವೃತ್ತದ ಅಡ್ಡಳತೆ ಸಿಗುತ್ತದೆ. ನಾವು ಅದಕ್ಕೆ ಪಿ.ಸಿ.ಡಿ. ಎನ್ನುತ್ತೇವೆ. ಇನ್ನೂರು ಮಿಲಿಮೀಟರ್ ಬಂತು. ಹೊಸದರಲ್ಲಿ ನೂರತೊಂಬತ್ತೂವರೆ. ವಾಲ್ವಿನ ತೂತು ಇಪ್ಪತ್ತೆರಡು, ಹೊಸದರದ್ದು ಹತ್ತೊಂಬತ್ತು.

"ಇದು ಮುನ್ನೂರರ ಕ್ಲಾಸು. ನೀನು ತಂದಿದ್ದು ನೂರೈವತ್ತು," ಎಂದೆ. ಫ್ಲೇಂಜು ಎಷ್ಟು ಒತ್ತಡ ತಡೆಯುತ್ತದೆ ಎಂಬುದರ ದರ್ಜೆ ಅದು.

"ನಾಲ್ಕಿಂಚು ಎಂಟು ತೂತು ಅಂತ ಕೇಳ್ದೆ, ಕೊಟ್ರು. ಮೇಲೆ ಲೈನಲ್ಲಿ ಎಲ್ಲಾ ಇದೇ ಇರೋದು ಮಾರಾಯ. ನಾನೇ ಹಾಕಿದೀನಿ."

ಅವನು ಹೇಳಿದ್ದು ಸುಳ್ಳಲ್ಲ. ಹಳ್ಳದಿಂದ ನೆತ್ತಿಯ ಟ್ಯಾಂಕಿಗೆ ಏಳ್ನೂರು ಅಡಿ ಎತ್ತರ. ಆ ಲೈನು ಎಳೆದ ಹಳೆಯ ಕಾಲದವನಿಗೆ ಗೊತ್ತಿತ್ತು, ಅಷ್ಟು ಎತ್ತರದ ನೀರಿನ ಭಾರವೆಲ್ಲ ಪಂಪಿನ ಬಾಯಲ್ಲಿ ಕೂರುತ್ತದೆ, ಗುಡ್ಡ ಹತ್ತಿದಂತೆ ಕಡಿಮೆಯಾಗುತ್ತದೆ ಎಂದು. ಅದಕ್ಕೆ ಕೆಳಗೆ ಮುನ್ನೂರರದ್ದನ್ನೂ ಮೇಲೆ ನೂರೈವತ್ತರದ್ದನ್ನೂ ಹಾಕಿದ್ದ. ಮೇಸ್ತ್ರಿ ಜನ್ಮವಿಡೀ ರಿಪೇರಿ ಮಾಡಿದ್ದು ಮೇಲಿನ ಜೋಡಣೆಗಳನ್ನು. ಕೆಳಗಿನದು ಇಷ್ಟು ವರ್ಷ ಕೆಡಲೇ ಇಲ್ಲ.

ಬೇರೆ ಸೈಜಾಗಿದ್ದರೆ ಅವನು ಅಂಗಡಿಯಲ್ಲಿಯೇ ಎಚ್ಚರಗೊಳ್ಳುತ್ತಿದ್ದ. ಮೂರಿಂಚಿನಲ್ಲಿ ನೂರೈವತ್ತಕ್ಕೆ ನಾಲ್ಕು ತೂತು, ಮುನ್ನೂರಕ್ಕೆ ಎಂಟು. ಆರಿಂಚಿನಲ್ಲಿ ಎಂಟು ಮತ್ತು ಹನ್ನೆರಡು. ನಾಲ್ಕಿಂಚಿನಲ್ಲಿ ಮಾತ್ರ ಎರಡಕ್ಕೂ ಎಂಟೇ. ಎಣಿಸುವವನಿಗೆ ಅದು ಸುಳಿವು ಕೊಡುವುದಿಲ್ಲ.

ಮೇಲಾಗಿ ಅವನು ನೂರೈವತ್ತಕ್ಕೆ ಹೊಂದುವ ಐದೆಂಟರ, ಅಂದರೆ ಇಂಚಿನ ಎಂಟು ಪಾಲಿನಲ್ಲಿ ಐದರಷ್ಟು ದಪ್ಪದ, ಸಣ್ಣ ಬೋಲ್ಟು ತಂದಿದ್ದ. ಒಂದೊಂದು ತೂತಿನ ನಡುಮಧ್ಯಕ್ಕೂ ಐದು ಮಿಲಿಮೀಟರಿನಷ್ಟು ವ್ಯತ್ಯಾಸ. ವಾಲ್ವಿನ ದೊಡ್ಡ ತೂತಿನಲ್ಲಿ ಸಣ್ಣ ಬೋಲ್ಟು ಒಂದು ಮೂಲೆಗೆ ವಾಲಿ ಆ ವ್ಯತ್ಯಾಸವನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಮುಕ್ಕಾಲಿಂಚಿನ ಸರಿಯಾದ ಬೋಲ್ಟಾಗಿದ್ದರೆ ಒಂದೂ ತೂರುತ್ತಿರಲಿಲ್ಲ. ಸ್ವಲ್ಪ ರಾವಿದರೆ ಎಂಟೂ ಕೂರುತ್ತವೆ ಎಂದು ಅವನು ಹೇಳಿದ್ದು ನಿಜವೇ ಆಗಿತ್ತು.

ಅಮ್ಮ ಮೆಟ್ಟಿಲಿಳಿದು ಬಂದರು. "ಏನಾಯ್ತು? ಬೆಸುಗೆ ಯಾಕೆ ಶುರು ಮಾಡಿಲ್ಲ?"

ನಾನು ಹೇಳಿದೆ. ಅವರು ಪೂರ್ತಿ ಕೇಳಿದರು.

"ರಾವಿ ಹಾಕಿದ್ರೆ ನಿಲ್ಲುತ್ತೋ ಇಲ್ವೋ?"

"ಇವತ್ತು ನಿಲ್ಲಬಹುದು ಅಮ್ಮ. ಪಂಪು ಓಡುವಾಗ ಪ್ರೆಷರ್ ಮೀಟರು ಇಪ್ಪತ್ತೆರಡು ಕೇಜಿ ತೋರಿಸುತ್ತೆ ಅಂತ ಇವನೇ ಹೇಳಿದ. ಈ ಫ್ಲೇಂಜು ತಡೆಯೋದು ಇಪ್ಪತ್ತರ ಆಸುಪಾಸು. ಕರೆಂಟು ಪಕ್ಕಂತ ಹೋದ್ರೆ ಗುಡ್ಡದ ನೀರೆಲ್ಲ ವಾಪಸು ಬಂದು ಇಲ್ಲೇ ಗುದ್ದುತ್ತೆ. ಬೋಲ್ಟು ಬೇರೆ ಸೊಟ್ಟ. ಇವನು ದಿನಾ ಇದರ ಪಕ್ಕ ನಿಂತು ಸ್ಟಾರ್ಟರು ಒತ್ತೋನು."

"ಸರಿಯಾದ್ದು ತರಿಸು ಹಾಗಾದ್ರೆ."

ಚಿಕ್ಕಮಗಳೂರಿಗೆ ಫೋನು ಮಾಡಿದೆ. ಮಂಗಳೂರಿನಿಂದ ಬರಬೇಕು, ನಾಳಿದ್ದು ಸಂಜೆ ಎಂದರು. ಅಮ್ಮ ಒಂದು ಟೊಂಗೆಯನ್ನು ಮುರಿದು ತಂದಿದ್ದರು. ಮೊಗ್ಗಿನ ತುದಿ ಕಂದಿತ್ತು. ಅದನ್ನು ನನ್ನ ಕೈಗೆ ಕೊಟ್ಟರು.

"ಇದರ ಹತ್ರ ನೀನೇ ಹೇಳು, ನಾಳಿದ್ದು ಸಂಜೆವರೆಗೆ ಸ್ವಲ್ಪ ತಡಿ ಮಾರಾಯ ಅಂತ."

ಮೇಸ್ತ್ರಿ ಇನ್ನೊಂದು ದಾರಿ ತೆಗೆದ. "ಇದನ್ನೇ ತಿರುಗಿಸಿ, ಹಳೆ ತೂತಿನ ಮಧ್ಯೆ ಮಧ್ಯೆ ಹೊಸ ಎಂಟು ತೂತು ಕೊರೆದ್ರೆ?"

ಗುಡ್ಡದ ತೋಟಗಳಲ್ಲಿ ಹಾಗೆ ಮಾಡಿದ್ದನ್ನು ನಾನು ಕಂಡಿದ್ದೇನೆ. ಇಲ್ಲಿ ಅದು ಏಕೆ ಆಗದು ಎಂದು ಸೀಮೆಸುಣ್ಣದಿಂದ ಆ ಫ್ಲೇಂಜಿನ ಮೇಲೆಯೇ ಗೀಚಿ ತೋರಿಸಿದೆ. ಇನ್ನೂರರ ವೃತ್ತದಲ್ಲಿ ಇಪ್ಪತ್ತೆರಡರ ತೂತು ಕೊರೆದರೆ ಹೊರ ಅಂಚಿಗೆ ಮೂರೂವರೆ ಮಿಲಿಮೀಟರ್ ಕಬ್ಬಿಣ ಉಳಿಯುತ್ತದೆ. ನಟ್ಟು ಕೂರಲೂ ಜಾಗವಿಲ್ಲ.

"ಹದಿನಾರು ತೂತು ಆದ್ರೆ ಅದು ಫ್ಲೇಂಜಲ್ಲ ಕಣೋ," ಎಂದರು ಅಮ್ಮ. "ಚಕ್ಕುಲಿ ಒತ್ತೋ ಬಿಲ್ಲೆ."

ನಗು ಬಂತು, ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ನಾನು, ಸಂಜೆಯೊಳಗೆ ಮಾಡಿಕೊಂಡು ಬರುತ್ತೇನೆ ಎಂದೆ.

ಮೂಡಿಗೆರೆಯಲ್ಲಿ ನನ್ನ ಶೆಡ್ಡಿನ ಎದುರು ಒಬ್ಬ ಬ್ಯಾರಿಯವರ ಲೇತ್ ಅಂಗಡಿ. ನನಗಿಂತ ಹಿರಿಯರು, ಕಾಕಾ ಎಂದೇ ಕರೆಯುವುದು. ಅವರ ಹಿತ್ತಿಲಲ್ಲಿ ಸೇತುವೆಯ ಕೆಲಸದಲ್ಲಿ ಉಳಿದ ದಪ್ಪ ಉಕ್ಕಿನ ಪ್ಲೇಟಿನ ತುಂಡುಗಳು ಬಿದ್ದಿದ್ದವು. ಮೂವತ್ತೆರಡು ಮಿಲಿಮೀಟರಿನದೊಂದು ಸಿಕ್ಕಿತು. ಮುನ್ನೂರರ ಫ್ಲೇಂಜಿಗೆ ಬೇಕಾದ ದಪ್ಪ ಅಷ್ಟೇ. ನಾನು ಗ್ಯಾಸಿನಲ್ಲಿ ದುಂಡಗೆ ಕತ್ತರಿಸಿಕೊಟ್ಟೆ. ಕಾಕಾ ಲೇತಿಗೆ ಹಾಕಿ ಹೊರ ಅಂಚನ್ನು ಇನ್ನೂರೈವತ್ತನಾಲ್ಕಕ್ಕೆ ತಂದು, ಪೈಪು ತೂರುವಷ್ಟು ನಡುವೆ ಕೊರೆದು, ಮುಖವನ್ನು ಸಪಾಟು ಮಾಡಿ, ಇನ್ನೂರರ ವೃತ್ತವನ್ನು ಸೂಜಿಮೊನೆಯಿಂದ ಗೀರಿದರು.

ನಾನು ಡಿವೈಡರನ್ನು ಎಪ್ಪತ್ತಾರೂವರೆಗೆ ತೆರೆದೆ. ಇನ್ನೂರರ ವೃತ್ತಕ್ಕೆ ಎಂಟು ತೂತಾದರೆ ಒಂದರಿಂದ ಪಕ್ಕದ್ದಕ್ಕೆ ಅಷ್ಟು.

"ಡಿವೈಡರಲ್ಲೇ ಸುತ್ತಿ ಬರ್ಬೇಡ," ಎಂದರು ಕಾಕಾ. "ಒಂದೊಂದರಲ್ಲಿ ಕೂದಲೆಳೆ ತಪ್ಪಿದ್ರೆ ಎಂಟನೇದರ ಹೊತ್ತಿಗೆ ಎಳೆ ಹೋಗಿ ಹಗ್ಗ ಆಗಿರ್ತದೆ. ಅಡ್ಡ ಒಂದು ಗೀಟು, ಉದ್ದ ಒಂದು ಗೀಟು. ಆಮೇಲೆ ನಾಲ್ಕು ಭಾಗಾನೂ ಅರ್ಧರ್ಧ ಮಾಡು. ಎಪ್ಪತ್ತಾರೂವರೆ ಪರೀಕ್ಷೆಗೆ ಇಟ್ಕೋ."

ಹಾಗೆಯೇ ಮಾಡಿ, ತೂತು ಬರುವ ಕಡೆಯೆಲ್ಲ ಪಂಚಿನಿಂದ ಗುಳಿ ಹೊಡೆದೆವು. ಕೊನೆಗೆ ಡಿವೈಡರು ಹಿಡಿದು ನೋಡಿದರೆ ಎಂಟು ಕಡೆಯೂ ಮೊನೆ ಗುಳಿಯಲ್ಲಿಯೇ ಬಿತ್ತು. ಕೊರೆಯುವಾಗ ನೋಡಿದರೆ ಇಪ್ಪತ್ತೆರಡರ ಡ್ರಿಲ್ ಬಿಟ್ಟು ಮೊಂಡಾಗಿತ್ತು. ಇಪ್ಪತ್ತರದ್ದು ಹರಿತವಾಗಿತ್ತು. ಮುಕ್ಕಾಲಿಂಚಿನ ಬೋಲ್ಟು ಅದರಲ್ಲೂ ಹೋಗುತ್ತದಲ್ಲ ಎಂದೆ.

"ಹೋಗ್ತದೆ, ಮೇಜಿನ ಮೇಲೆ. ಅಲ್ಲಿ ಹಳ್ಳದಲ್ಲಿ ಬಗ್ಗಿ ಕೂತು, ಹಳೆ ವಾಲ್ವಿಗೆ ಹೊಂದಿಸುವಾಗ ಆ ಮೂರು ಮಿಲಿಮೀಟರು ಸಡಿಲ ಬೇಕಾಗ್ತದೆ ನಿನಗೆ. ನಾನು ಬಿಟ್ಟಿಗೆ ಸಾಣೆ ಹಿಡೀತೇನೆ. ನೀನು ಒಂದು ಚಾ ಹೇಳು. ನಿನ್ನ ಗಡಿಬಿಡಿಗೆ ಚಾ ಒಂದೇ ಮದ್ದು."

ಚಾ ಕುಡಿಯುತ್ತ ನಿಂತಾಗ ನನಗೆ ಒಂದು ಯೋಚನೆ ಬಂತು. ಆ ವಾಲ್ವನ್ನು ಎರಕ ಹೊಯ್ದವನು ಯಾರೋ, ಯಾವ ಊರಿನವನೋ. ಬಹುಶಃ ಈಗಿಲ್ಲ. ಅವನಿಗೆ ಬಾಳೂರು ಗೊತ್ತಿಲ್ಲ, ಕಾಕಾನ ಲೇತು ಗೊತ್ತಿಲ್ಲ. ಆದರೂ ನಾಲ್ಕಿಂಚು, ಮುನ್ನೂರು ಎಂದೊಡನೆ ಅವನೂ ನಾವೂ ಒಂದೇ ವೃತ್ತವನ್ನು ಗೀರುತ್ತೇವೆ. ಅವನು ತನ್ನ ಪಾಲಿನ ಮಾತು ಉಳಿಸಿಕೊಂಡಿದ್ದ. ಈಗ ನಮ್ಮ ಸರದಿ. ರಾವಿ ಕೂರಿಸುವುದೆಂದರೆ ಅವನ ಜೊತೆ ಸುಳ್ಳು ಹೇಳಿದ ಹಾಗೆ ಎಂದು ನನಗನ್ನಿಸಿತು. ಸತ್ತವನ ಜೊತೆ ಸುಳ್ಳಾಡಿದರೆ ಕೇಳುವವರಿಲ್ಲ, ಸ್ಟಾರ್ಟರಿನ ಬಳಿ ನಿಂತವನು ಅದನ್ನು ತೀರಿಸಬೇಕು.

ಹೊತ್ತು ಇಳಿಯುವ ಮುನ್ನ ಹಳ್ಳ ತಲುಪಿದೆ. ಮೊದಲು ಫ್ಲೇಂಜನ್ನು ಪೈಪಿಗೆ ಸಡಿಲವಾಗಿ ತೂರಿಸಿ, ವಾಲ್ವಿಗೆ ಬೋಲ್ಟು ಹಾಕಿ, ಆಮೇಲೆ ನಾಲ್ಕು ಕಡೆ ಚುಕ್ಕಿ ಬೆಸುಗೆ ಇಟ್ಟೆ. ಮುಕ್ಕಾಲಿಂಚಿನ ಎಂಟೂ ಬೋಲ್ಟು ಬೆರಳಲ್ಲಿ ನೂಕಿದರೆ ಹೋದವು. ಮೇಸ್ತ್ರಿ ತಾನೇ ಒಂದೊಂದನ್ನೂ ನೂಕಿದ. ಬಿಚ್ಚಿ ಹೊರಗೆ, ಒಳಗೆ ಪೂರ್ತಿ ಬೆಸುಗೆ ಹಾಕಿ, ಆರಲು ಬಿಟ್ಟು, ಹೊಸ ಗ್ಯಾಸ್ಕೆಟ್ ಇಟ್ಟು, ಎದುರು ಬದುರಾಗಿ ಬಿಗಿಮಾಡಿದೆವು. ತ್ರೀಫೇಸ್ ಕರೆಂಟು ಬಂದದ್ದೇ ಮೇಸ್ತ್ರಿ ಸ್ಟಾರ್ಟರಿಗೆ ಕೈ ಹಾಕಿದ. ನಾನು ಅವನ ಪಕ್ಕದಲ್ಲಿಯೇ ನಿಂತೆ. ಮೀಟರಿನ ಮುಳ್ಳು ಹತ್ತು, ಹದಿನೈದು, ಇಪ್ಪತ್ತೆರಡಕ್ಕೆ ಹೋಗಿ ನಿಂತಿತು. ಜೋಡಣೆಯ ಸುತ್ತ ಕೈ ಸವರಿದೆ. ಒಣಗಿತ್ತು.

ಮೇಲಿನಿಂದ ಅಮ್ಮನ ಫೋನು ಬಂತು. "ಜೆಟ್ ತಿರುಗ್ತಾ ಇದೆ," ಎಂದರು. ಫೋನನ್ನು ಜೆಟ್ಟಿನ ಕಡೆ ಹಿಡಿದು ನೀರಿನ ಸಪ್ಪಳವನ್ನು ಸ್ವಲ್ಪ ಹೊತ್ತು ಕೇಳಿಸಿದರು.

ಹೂ ಬಂದ ವಾರದಲ್ಲಿ ಕಳಸದ ಕಡೆ ಕೆಲಸವಿತ್ತು. ದಾರಿಯಲ್ಲಿ ಇಳಿದು ನೆತ್ತಿಯ ಪಟ್ಟಿಗೆ ಹತ್ತಿದೆ. ಅಮ್ಮ ಅಲ್ಲಿಯೇ ಇದ್ದರು. ಗಿಡಗಳೆಲ್ಲ ಬೆಳ್ಳಗಾಗಿದ್ದವು, ಜೇನು ಗುಂಯ್ಗುಡುತ್ತಿತ್ತು. ಬಂಡೆಯ ಪಕ್ಕದ ಎರಡು ಸಾಲು ಮಾತ್ರ ಹಸಿರಾಗಿಯೇ ನಿಂತಿದ್ದವು. ಅಲ್ಲಿಯ ಮೊಗ್ಗು ನೀರು ಬರುವ ಮೊದಲೇ ಒಣಗಿತ್ತು.

"ಆ ಎರಡು ಸಾಲು ನಿನ್ನ ಹಟಕ್ಕೆ ಹೋಯ್ತು," ಎಂದರು.

"ಹೌದಮ್ಮ," ಎಂದೆ.

ಅವರು ಆ ಸಾಲಿನ ಒಂದು ಗಿಡದಿಂದ ಕಪ್ಪಾದ ಮೊಗ್ಗುಗಳನ್ನು ಬೆರಳಲ್ಲಿ ಉದುರಿಸಿದರು. ಕರೆಂಟು ಪಕ್ಕನೆ ಹೋಗಿ ಕೆಳಗೆ ಹಳ್ಳದಲ್ಲಿ ಪಂಪು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಮೇಸ್ತ್ರಿ ಯಾರನ್ನೋ ಕೂಗಿ ಬಯ್ಯುವುದು ಗುಡ್ಡದ ಮೇಲಿನವರೆಗೂ ಕೇಳಿಸಿತು.

"ಗಂಟಲು ನೋಡು ಅವನದ್ದು," ಎಂದರು ಅಮ್ಮ. "ಹೋಗಲಿ ಬಿಡು, ಎರಡು ಸಾಲು."