ಎಂಟನೆಯ ನಿಮಿಷ

ಅನಂತಪುರದ ಪ್ಲೈವುಡ್ ಕಾರ್ಖಾನೆಯಲ್ಲಿ ನಾವು ಬರುವಾಗ ಹೋಗುವಾಗ ಬೆರಳೊತ್ತುತ್ತಿದ್ದ ಹಾಜರಿ ಯಂತ್ರ, ಸಮಯವನ್ನು ಹತ್ತಿರದ ಕಾಲು ಗಂಟೆಗೆ ಸರಿಸುತ್ತಿತ್ತು. ಎಂಟು ದಾಟಿ ಏಳು ನಿಮಿಷವಾಗಿದ್ದರೆ ಎಂಟೆಂದೇ ಲೆಕ್ಕ. ಇನ್ನೊಂದು ನಿಮಿಷ ಸರಿದರೆ ಎಂಟೂಕಾಲು. ನಮ್ಮ ಬಸ್ಸಿಗೆ ಆ ಒಂದು ನಿಮಿಷ ಯಾವತ್ತೂ ತಡ. ದಿನವೂ ಕಾಲು ಗಂಟೆಯ ಕೂಲಿ ಹೋಗುತ್ತಿತ್ತು.

ಜಗಳಕ್ಕೆ ಹೋದರೆ ಮ್ಯಾನೇಜರ್, "ಸಂಜೆಯೂ ಅದೇ ಲೆಕ್ಕ ಅಲ್ವಾ? ಐದರ ಮೇಲೆ ಎಂಟು ನಿಮಿಷ ಕೆಲಸ ಮಾಡಿ, ಕಾಲು ಗಂಟೆ ನಿಮಗೇ ಉಂಟು" ಎಂದರು.

ಮಾಡಿದೆವು. ಮೂರನೆಯ ಸಂಜೆಯಿಂದ ಐದಾಗುತ್ತಲೇ ಯಂತ್ರ ಬಂದ್. ಎಲ್ಲರ ಹೆಸರಿನೆದುರು ಐದು ಗಂಟೆಯೆಂದು ಮ್ಯಾನೇಜರೇ ಬರೆದುಕೊಳ್ಳುತ್ತಿದ್ದರು.

"ಇದೆಂತ ಸರ್?" ಎಂದು ಕೇಳಿದೆ.

"ಕೆಟ್ಟುಹೋಗಿದೆ ಮಾರಾಯ, ಎಂತ ಮಾಡುವುದು?"

ಹಾಳಾದ ಯಂತ್ರ! ಬೆಳಿಗ್ಗೆ ನಮ್ಮ ಬಸ್ಸು ಬರುವ ಹೊತ್ತಿಗೆ ಮಾತ್ರ ಅದು ಒಂದು ದಿನವೂ ಕೆಟ್ಟದ್ದಿಲ್ಲ.