ಕನ್ನಡಿಯಕ್ಕ ಸರ ಕೊಂಡದ್ದು

ಇಪ್ಪತ್ತೆರಡು ವರ್ಷ ಆಕೆ ಊರವರ ಕೊರಳುಗಳನ್ನೇ ನೋಡುತ್ತ ಬಂದವಳು. ಚಿನ್ನದಂಗಡಿಯಲ್ಲಿ ಗಿರಾಕಿಗಳಿಗೆ ಸರ ಹಾಕಿ, ಕೊಕ್ಕೆ ಸಿಕ್ಕಿಸಿ, ದುಂಡು ಕನ್ನಡಿ ಎತ್ತಿ ಹಿಡಿಯುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಕನ್ನಡಿಯಕ್ಕ. ಯಾರು ಕೊಳ್ಳಲು ಬಂದವರು, ಯಾರು ತಣ್ಣಗಿನ ಗಾಳಿಗೆ ಬಂದು ಕೂತವರು ಎಂದು ಚಪ್ಪಲಿಯ ಸದ್ದಿನಲ್ಲೇ ಹೇಳುತ್ತಿದ್ದಳು. ಅವಳ ಸ್ವಂತ ಕೊರಳಲ್ಲಿ ತೂಗುತ್ತಿದ್ದದ್ದು ಅಂಗಡಿಯ ಗುರುತಿನ ಚೀಟಿ ಒಂದೇ.

ಐವತ್ತು ತುಂಬಿದ ವರ್ಷ, ಒಂದು ದಿನ ರಜೆ ಹಾಕಿ, ಗಂಡನನ್ನು ಎಳೆದುಕೊಂಡು ಅದೇ ಅಂಗಡಿಗೆ ಗಿರಾಕಿಯಾಗಿ ಬಂದಳು. ಗಂಡ ಗೋಡೆಗೆ ಬಣ್ಣ ಹೊಡೆಯುವವನು, ಮಾತು ಕಡಿಮೆ. ಕೌಂಟರಿನ ಈಚೆ ಬದಿಯ ಮೆತ್ತನೆಯ ಕುರ್ಚಿಯಲ್ಲಿ ಅವಳು ಅಂದೇ ಮೊದಲ ಸಲ ಕೂತದ್ದು.

"ಇಷ್ಟು ವರ್ಷ ಇವರೆಲ್ಲ ಇಷ್ಟು ಸುಖವಾಗಿ ಕೂತು ಚೌಕಾಸಿ ಮಾಡ್ತಿದ್ರಾ!" ಎಂದು ಗಂಡನ ಕಿವಿಯಲ್ಲಿ ಗೊಣಗಿದಳು.

ಜೊತೆಗೆ ಕೆಲಸ ಮಾಡುವವಳು ಎಲೆಬಳ್ಳಿಯ ಸರವೊಂದನ್ನು ಅವಳಿಗೆ ಹಾಕಿ, "ನಿಮ್ಮ ಕೊರಳಿಗೆ ಅಂತಲೇ ಮಾಡಿದ ಹಾಗಿದೆ" ಅಂದಳು. ಆ ಮಾತನ್ನು ಅವಳಿಗೆ ಹೇಳಿಕೊಟ್ಟವಳೇ ಕನ್ನಡಿಯಕ್ಕ. ಆದರೂ ಕೇಳಿದ ಕೂಡಲೇ ಕರಗಿ ನೀರಾದಳು. ಕನ್ನಡಿಯಿಂದ ಕಣ್ಣು ಕೀಳಲು ಸ್ವಲ್ಪ ಹೊತ್ತೇ ಹಿಡಿಯಿತು.

ಆಮೇಲೆ ಸರ ತೆಗೆದು ಕೊಟ್ಟು, "ಸರದ ಬೆಲೆಚೀಟಿ ಬಿಚ್ಚಿ ತೂಗು" ಅಂದಳು.

"ಅಕ್ಕಾ, ಆ ಚೀಟಿ ಕಟ್ಟಿದ್ದೇ ನೀವು!"

"ಅದಕ್ಕೇ ಹೇಳ್ತಿರೋದು."

ಚೀಟಿ, ದಾರ ಬಿಚ್ಚಿ ತೂಗಿದಾಗ ಸರಿಯಾಗಿ ಇಪ್ಪತ್ತು ಗ್ರಾಂ. ಅಂದಿನ ದರ ಗ್ರಾಮಿಗೆ ಆರು ಸಾವಿರ ಎಂದು ಗೋಡೆಯ ಬೋರ್ಡು ಹೇಳುತ್ತಿತ್ತು. ಚಿನ್ನಕ್ಕೇ ಒಂದು ಲಕ್ಷದ ಇಪ್ಪತ್ತು ಸಾವಿರ. ಅದರ ಮೇಲೆ ನೂರಕ್ಕೆ ಹದಿನೆಂಟರಂತೆ ಮೇಕಿಂಗ್ ಚಾರ್ಜು, ಅಂದರೆ ಸರ ಮಾಡಿದ ಕೂಲಿ, ಇಪ್ಪತ್ತೊಂದು ಸಾವಿರದ ಆರುನೂರು. ಎರಡೂ ಸೇರಿದ ಮೊತ್ತಕ್ಕೆ ನೂರಕ್ಕೆ ಮೂರು ತೆರಿಗೆ.

ಅಷ್ಟರಲ್ಲಿ ಸಾಹುಕಾರರು ಗಲ್ಲಾ ಬಿಟ್ಟು ಎದ್ದು ಬಂದರು. ಎರಡೂ ಕೈ ಅಗಲಿಸಿ, ಅಂಗಡಿಗೆಲ್ಲ ಕೇಳುವಂತೆ ಹೇಳಿದರು: "ನೀವು ನಮ್ಮನೆಯವರ ಹಾಗೆ. ತೆರಿಗೆ ಪೂರ್ತಿ ನಾನೇ ಕಟ್ಟಿಕೊಳ್ತೀನಿ, ಹೋಗ್ಲಿ! ಒಂದು ಲಕ್ಷದ ನಲವತ್ತೊಂದು ಸಾವಿರದ ಆರುನೂರು ಕೊಟ್ಟುಬಿಡಿ."

ಗಂಡನ ಕಣ್ಣು ತುಂಬಿ ಬಂತು. ಕೈಮುಗಿಯಲು ಹೊರಟವನ ಮೊಣಕೈಯನ್ನು ಅವಳು ತಿವಿದಳು.

"ಬೇಡ ಸಾರ್. ತೆರಿಗೆ ನಾನೇ ಕಟ್ತೀನಿ. ಕೂಲಿ ಮಾತ್ರ ಹದಿನಾಲ್ಕು ಹಾಕಿ."

"ಅಯ್ಯೋ, ನಾಲ್ಕು ಸಾವಿರದ ಚಿಲ್ಲರೆ ತೆರಿಗೆ ಬಿಟ್ಟುಕೊಟ್ರೆ ಬೇಡ ಅಂತೀರಲ್ಲ!"

ಅವಳು ಬಿಲ್ಲಿನ ಹಾಳೆಯ ಹಿಂಬದಿಯಲ್ಲಿ ಬರೆದು, ಮಗುವಿಗೆ ಪಾಠ ಹೇಳುವಂತೆ ಓದಿದಳು: "ಕೂಲಿ ಹದಿನಾಲ್ಕಾದ್ರೆ ಹದಿನಾರು ಸಾವಿರದ ಎಂಟುನೂರು. ಚಿನ್ನ ಸೇರಿಸಿದ್ರೆ ಒಂದು ಲಕ್ಷದ ಮೂವತ್ತಾರು ಸಾವಿರದ ಎಂಟುನೂರು. ತೆರಿಗೆ ನಾಲ್ಕು ಸಾವಿರದ ನೂರಾ ನಾಲ್ಕು. ಒಟ್ಟು ಒಂದು ಲಕ್ಷದ ನಲವತ್ತು ಸಾವಿರದ ಒಂಬೈನೂರಾ ನಾಲ್ಕು. ನಿಮ್ಮ ದೊಡ್ಡ ಮನಸ್ಸಿಗಿಂತ ಆರುನೂರಾ ತೊಂಬತ್ತಾರು ಕಮ್ಮಿ ಸಾರ್. ತೆರಿಗೆ ಕಟ್ಟಿದ ಮರ್ಯಾದೆಯೂ ನನ್ನದೇ."

ಜೊತೆಗಾತಿ ನಗು ತಡೆಯಲಾರದೆ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದಳು. ಸಾಹುಕಾರರು ಕ್ಯಾಲ್ಕುಲೇಟರು ಎರಡು ಸಲ ಒತ್ತಿದರು. ಅದೂ ಕನ್ನಡಿಯಕ್ಕನ ಪರವಾಗಿಯೇ ನಿಂತಿತು. ಬೇರೆ ದಾರಿಯಿಲ್ಲದೆ "ಆಗಲಿ, ಹದಿನಾಲ್ಕೇ ಹಾಕಿ" ಅಂದರು.

ಮಾತು ಅಲ್ಲಿಗೆ ಮುಗಿಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಸೊಸೆಗೆ ಸರ ನೋಡುತ್ತಿದ್ದ ಅಜ್ಜಿಯೊಬ್ಬರು ಎಲ್ಲ ಕೇಳಿಸಿಕೊಂಡಿದ್ದರು. "ಏನಪ್ಪಾ, ನನಗೆ ಮಾತ್ರ ಹದಿನೆಂಟಾ? ನಾನೇನು ಪಾಪ ಮಾಡಿದ್ದೆ?" ಎಂದು ಸಾಹುಕಾರರನ್ನು ಹಿಡಿದರು. ಅವರಿಗೂ ಹದಿನಾಲ್ಕು ಹಾಕಬೇಕಾಯಿತು.

ಮರುದಿನ ಕನ್ನಡಿಯಕ್ಕ ಹೊಸ ಸರ ಹಾಕಿಕೊಂಡು ಕೆಲಸಕ್ಕೆ ಬಂದಾಗ, ಅವಳ ಜಾಗ ಬೆಳ್ಳಿ ಕೌಂಟರಿಗೆ ಬದಲಾಗಿತ್ತು. ಚಿನ್ನದ ಕೌಂಟರು ಮಹಡಿಯ ಮೇಲೆ; ಇದು ಮೆಟ್ಟಿಲ ಕೆಳಗಿನ ಮೂಲೆ. ಬದಲಾಯಿಸಿದ್ದು ಸಾಹುಕಾರರೇ. ಅವಳಿಗೆ ಆರುನೂರು ಚಿಲ್ಲರೆಗೆ ಇಪ್ಪತ್ತೆರಡು ವರ್ಷದ ಜಾಗ ಹೋಯಿತೇ ಎನ್ನಿಸಿತು.

ಆದರೆ ಬೆಳ್ಳಿ ಚಮಚ ಕೊಳ್ಳಲು ಬಂದವರ ಕಣ್ಣು ಚಮಚದ ಮೇಲೆ ನಿಲ್ಲಲಿಲ್ಲ. "ಇದು ಎಲ್ಲಿಯದು? ಎಷ್ಟು ಬಿತ್ತು?" ಎಂದು ಎಲ್ಲರೂ ಅವಳ ಕೊರಳನ್ನೇ ಕೇಳಿದರು. ಅವಳು ತೂಕ ಇಷ್ಟು, ದರ ಇಷ್ಟು, ಕೂಲಿ ಹದಿನಾಲ್ಕು, ಒಟ್ಟಿನ ಮೇಲೆ ತೆರಿಗೆ ಮೂರು ಎಂದು ಬಿಡಿಸಿ ಹೇಳಿ, ಮೆಟ್ಟಿಲ ಮೇಲಕ್ಕೆ ಕಳಿಸಿದಳು. ಶನಿವಾರದ ಹೊತ್ತಿಗೆ ಎಲೆಬಳ್ಳಿ ಸರ ಐದು ಖರ್ಚಾದವು.

ಸಾಹುಕಾರರು ತಾವೇ ಕೆಳಗಿಳಿದು ಬಂದರು. "ಮೇಲೆ ಬನ್ನಿ ಕನ್ನಡಿಯಕ್ಕ. ಜನ ನಿಮ್ಮನ್ನೇ ಕೇಳ್ತಾರೆ."

"ಕೂಲಿ ಎಷ್ಟು ಅಂತ ಹೇಳಲಿ ಸಾರ್?"

"ಹದಿನಾಲ್ಕೇ ಹೇಳಿ ತಾಯಿ," ಅಂದರು ಸಾಹುಕಾರರು, ಹಣೆ ಒರೆಸಿಕೊಳ್ಳುತ್ತ.